ಐದನೆಯ ಪ್ರಶ್ನೆಗೆ ತಾಯಿ ಮಗಳ ಉತ್ತರ: ಆಪ್ತಸಲಹೆಯ ಒಂದು ಪ್ರಕರಣ

(ಕುಟುಂಬದವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

ಜೂನ್ ತಿಂಗಳ ಒಂದು ಬೆಳಿಗ್ಗೆ ಆಳಂದ ತಾಲ್ಲೂಕಿನ ಹಳ್ಳಿಯೊಂದರಿಂದ ಮೂವರು ಕಲಬುರಗಿಯ ನನ್ನ ಆಪ್ತಸಲಹೆಯ ಕೊಠಡಿಗೆ ಬಂದರು. ನಲವತ್ತೆಂಟು ವರ್ಷದ ತಾಯಿ, ಇಪ್ಪತ್ತಮೂರು ವರ್ಷದ ಮಗಳು, ಮತ್ತು ಆ ಹುಡುಗಿಯ ಕಾಕಾ. ಐದು ತಿಂಗಳ ಹಿಂದೆ ಮನೆಯ ಯಜಮಾನರು ಹೃದಯಾಘಾತದಿಂದ ತೀರಿಕೊಂಡಿದ್ದರು. "ವೈನಿ ಸೊರಗಿ ಹೋಗ್ಯಾರ್ರಿ ಮೇಡಂ, ತುತ್ತು ಗಂಟಲಾಗ ಇಳಿಯಲ್ಲ ಅಂತಾರ" ಎಂದು ಕಾಕಾ ಮಾತು ಶುರು ಮಾಡಿದರು. ಮಗಳ ಬಗ್ಗೆ ಕೇಳಿದಾಗ, "ಈಕಿಗೇನೂ ಆಗಿಲ್ರಿ, ಈಕಿ ಚಲೋ ಉಣ್ತಾಳ" ಎಂದರು. ಆ ಮಾತು ಕೇಳಿದೊಡನೆ ಹುಡುಗಿ ತಲೆ ತಗ್ಗಿಸಿದ್ದನ್ನು ನಾನು ನೋಡಿದೆ. ಆದರೂ ಅಂದು ಆಕೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ತಾಯಿಯೊಂದಿಗೆ ಮಾತ್ರ ಮಾತನಾಡಿದೆ. ಅದು ನನ್ನ ತಪ್ಪು. ಅದರಿಂದ ಆಕೆಯ ಚಿಕಿತ್ಸೆ ಎರಡು ವಾರ ತಡವಾಯಿತು.

ತಾಯಿಯ ತೂಕ ಐವತ್ನಾಲ್ಕು ಕಿಲೋದಿಂದ ನಲವತ್ತೇಳಕ್ಕೆ ಇಳಿದಿತ್ತು. ನಸುಕಿನ ನಾಲ್ಕಕ್ಕೇ ಎಚ್ಚರವಾಗುತ್ತಿತ್ತು, ಬೆಳಗಿನ ಹೊತ್ತು ಮನಸ್ಸು ಅತಿ ಭಾರವಾಗಿರುತ್ತಿತ್ತು, ಮೊಮ್ಮಗು ಮನೆಗೆ ಬಂದರೂ ಮುಖ ಅರಳುತ್ತಿರಲಿಲ್ಲ. ದಿನವಿಡೀ ಅರ್ಧ ರೊಟ್ಟಿ, ಮೇಲೆ ಆರೇಳು ಸಲ ಚಹಾ, ಇಷ್ಟೇ ಅವರ ಆಹಾರವಾಗಿತ್ತು. "ಹಸಿವಿ ಆಗ್ಯದ ಅಂತ ಗೊತ್ತೇ ಆಗಲ್ರಿ" ಎಂದು ಅವರು ಹೇಳಿದ ಮಾತನ್ನು ನಾನು ಹಾಗೆಯೇ ಬರೆದುಕೊಂಡೆ. ಊಟ ಬೇಡವೆಂದು ಹಟ ಮಾಡುವುದೇ ಬೇರೆ, ಹಸಿವೆಯ ಅರಿವೇ ಆಗದಿರುವುದೇ ಬೇರೆ.

ಎರಡನೆಯ ಭೇಟಿಯಲ್ಲಿ ಮಗಳನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದೆ. ಆಕೆ ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಳು. ತಂದೆ ಹೋದ ಮೇಲೆ ಓದು ತಲೆಗೆ ಹತ್ತುತ್ತಿರಲಿಲ್ಲ. ಹತ್ತು ಹನ್ನೊಂದು ತಾಸು ನಿದ್ದೆ ಮಾಡಿದರೂ ದಣಿವು ಹೋಗುತ್ತಿರಲಿಲ್ಲ, ಕೈಕಾಲಿಗೆ ಕಲ್ಲು ಕಟ್ಟಿದಂತೆ ಅನಿಸುತ್ತಿತ್ತು. ಗೆಳತಿ ಬಂದರೆ ಒಂದು ಗಳಿಗೆ ಹಗುರಾಗುತ್ತಿದ್ದಳು, ಯಾರಾದರೂ ಒಂದು ಮಾತು ಆಡಿದರೆ ಎರಡು ದಿನ ಕುಸಿಯುತ್ತಿದ್ದಳು. ರಾತ್ರಿ ಹನ್ನೊಂದರ ನಂತರ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗಿ ಚೂಡಾ, ಬಿಸ್ಕಿಟು, ಬೆಲ್ಲ ಶೇಂಗಾ, ತಂದಿಟ್ಟ ಮಾಲಪುರಿ, ಹೀಗೆ ಸಿಕ್ಕಿದ್ದನ್ನು ನಿಂತುಕೊಂಡೇ ತಿನ್ನುತ್ತಿದ್ದಳು. ತೂಕ ಐವತ್ತೆಂಟರಿಂದ ಅರವತ್ತಾರಕ್ಕೆ ಏರಿತ್ತು. "ಹಸಿವಿ ಅದ ಅಂತ ತಿನ್ನಲ್ರಿ ಮೇಡಂ, ಏನರ ತಿನ್ನೋತನಕ ತಲಿ ಸುಮ್ಮ ಇರಂಗಿಲ್ಲ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಪ್ಪ ಸತ್ತ ಖಬರು ಈಕೆಗಿಲ್ಲ ಎಂದು ಮನೆಯಲ್ಲಿ ಆಡಿಕೊಳ್ಳುವುದನ್ನೂ ಹೇಳಿದಳು.

ಖಿನ್ನತೆಯ ತೀವ್ರತೆಯನ್ನು ಅಳೆಯಲು ನಾವು ಬಳಸುವ ಪಿಎಚ್‌ಕ್ಯೂ-9 ಎಂಬ ಪಟ್ಟಿಯಲ್ಲಿ ಒಂಬತ್ತು ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ಆಯಾ ತೊಂದರೆ ಎಷ್ಟು ದಿನ ಇತ್ತು ಎಂಬುದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡಬೇಕು. ಅದರ ಐದನೆಯ ಪ್ರಶ್ನೆ "ಹಸಿವು ಕಡಿಮೆಯಾಗಿದೆಯೇ ಅಥವಾ ಅತಿಯಾಗಿ ತಿನ್ನುತ್ತಿದ್ದೀರಾ" ಎಂದು ಎರಡನ್ನೂ ಒಟ್ಟಿಗೆ ಕೇಳುತ್ತದೆ. ತಾಯಿಗೆ ಒಟ್ಟು 18, ಮಗಳಿಗೆ 16 ಬಂದವು. ಐದನೆಯ ಪ್ರಶ್ನೆಗೆ ಇಬ್ಬರಿಗೂ ಮೂರು. ಕಾಗದದ ಮೇಲೆ ಇಬ್ಬರೂ ಒಂದೇ ಆಗಿ ಕಾಣುತ್ತಾರೆ. ಹೀಗಾಗಿ ನಾನು ಆ ಅಂಕದ ಪಕ್ಕದಲ್ಲಿ ಯಾವಾಗಲೂ ಒಂದು ಬಾಣದ ಗುರುತು ಹಾಕುತ್ತೇನೆ, ಮೇಲಕ್ಕೋ ಕೆಳಕ್ಕೋ ಎಂದು. ಯಾವ ಸಲಹೆ, ಎಷ್ಟೋ ಸಲ ಯಾವ ಮಾತ್ರೆ, ಎಂಬುದು ಆ ಬಾಣದ ಮೇಲೆ ನಿಂತಿರುತ್ತದೆ. ಸಾಯುವ ಯೋಚನೆಯನ್ನು ಕುರಿತ ಒಂಬತ್ತನೆಯ ಪ್ರಶ್ನೆಯನ್ನು ಇಬ್ಬರಿಗೂ ಬಾಯಿಬಿಟ್ಟು ಕೇಳಿದೆ. ಅಂಥ ಯೋಚನೆ ಇಬ್ಬರಿಗೂ ಇರಲಿಲ್ಲ. ಆದರೂ ಹಗಲು ರಾತ್ರಿ ಉಚಿತವಾಗಿ ದೊರೆಯುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಟ್ಟೆ.

ಒಂದೇ ದುಃಖ ಒಬ್ಬರ ಹೊಟ್ಟೆಯನ್ನು ಮುಚ್ಚಿಸಿ ಇನ್ನೊಬ್ಬರನ್ನು ಅಡುಗೆಮನೆಗೆ ಎಳೆಯುವುದು ಹೇಗೆ ಎಂಬುದನ್ನು ಮೂರನೆಯ ಭೇಟಿಯಲ್ಲಿ ಕಾಕಾ ಅವರನ್ನೂ ಕೂರಿಸಿಕೊಂಡು ವಿವರಿಸಿದೆ. ಹಸಿವು ಹೊಟ್ಟೆಯೊಂದರದೇ ಕೆಲಸವಲ್ಲ. ಮಿದುಳಿನ ತಳಭಾಗದಲ್ಲಿರುವ ಹೈಪೋಥಾಲಮಸ್ ಎಂಬ ಸಣ್ಣ ಭಾಗಕ್ಕೆ ಹೊಟ್ಟೆ, ಕರುಳು, ಕೊಬ್ಬುಗಳಿಂದ ಸುದ್ದಿ ಹೋಗುತ್ತದೆ, ಉಣ್ಣಬೇಕೋ ಸಾಕೋ ಎಂಬುದನ್ನು ಅಲ್ಲಿಯ ನರಕೋಶಗಳು ತೂಗಿ ನೋಡುತ್ತವೆ. ಸೆರೊಟೋನಿನ್ ಎಂಬ ರಾಸಾಯನಿಕ ಅಲ್ಲಿ 'ಸಾಕು' ಎನ್ನುವ ಕಡೆಗೆ ಕೆಲಸ ಮಾಡುತ್ತದೆ. ಒತ್ತಡ ಬಂದಾಗ ಅದೇ ಹೈಪೋಥಾಲಮಸ್ ಸಿಆರ್‌ಎಚ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಅದು ಹಸಿವೆಯನ್ನು ಅಡಗಿಸುತ್ತದೆ, ಹೊಟ್ಟೆ ಖಾಲಿಯಾಗುವ ವೇಗವನ್ನೂ ತಗ್ಗಿಸುತ್ತದೆ. ಕೆಟ್ಟ ಸುದ್ದಿ ಕೇಳಿದ ದಿನ ಬಾಯಿಗೆ ಅನ್ನ ಸೇರದಿರುವುದು ಇದರಿಂದಲೇ. ತಾಯಿಯಲ್ಲಿ ಆ ದಿನದ ಸ್ಥಿತಿಯೇ ತಿಂಗಳುಗಟ್ಟಲೆ ಮುಂದುವರಿದಿತ್ತು ಎಂದರೆ ಹೆಚ್ಚು ತಪ್ಪಾಗದು.

ಮಗಳದು ಬೇರೆ ದಾರಿ. ಸಿಹಿ ಮತ್ತು ಎಣ್ಣೆಯ ಪದಾರ್ಥಗಳು ಮಿದುಳಿನಲ್ಲಿ ಡೋಪಮೈನ್ ಓಡಾಡುವ ಹಾದಿಯನ್ನು, ಅಂದರೆ 'ಇದು ಬೇಕು' ಎಂಬ ಎಳೆತವನ್ನು ಹುಟ್ಟಿಸುವ ಹಾದಿಯನ್ನು, ಬಲವಾಗಿ ಎಚ್ಚರಿಸುತ್ತವೆ. ಬೇರೆ ಯಾವುದರಲ್ಲೂ ಸುಖ ಕಾಣದ ಮನಸ್ಸಿಗೆ ಹತ್ತು ಹದಿನೈದು ನಿಮಿಷ ಹಗುರಾಗುವ ಒಂದೇ ಉಪಾಯ ಅದಾಗಿದ್ದರೆ, ಮಿದುಳು ಅದನ್ನು ಬೇಗ ಕಲಿತುಬಿಡುತ್ತದೆ. 2016ರಲ್ಲಿ ಅಮೆರಿಕದ ಮನೋವೈದ್ಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾತ್ರೆ ತೆಗೆದುಕೊಳ್ಳದಿದ್ದ ಖಿನ್ನತೆಯ ರೋಗಿಗಳಿಗೆ ತಿಂಡಿಗಳ ಚಿತ್ರ ತೋರಿಸಿ ಮಿದುಳಿನ ಚಟುವಟಿಕೆಯನ್ನು ಅಳೆದಿದ್ದರು. ಹಸಿವು ಹೆಚ್ಚಿದವರಲ್ಲಿ ಈ ಬಯಕೆಯ ಹಾದಿ ಹೆಚ್ಚು ಚುರುಕಾಗಿತ್ತು. ಹಸಿವು ಕಳೆದುಕೊಂಡವರಲ್ಲಿ, ಒಡಲಿನ ಸುದ್ದಿಯನ್ನು ಅರಿವಿಗೆ ತರುವ ಇನ್ಸುಲಾ ಎಂಬ ಭಾಗ ಮಂಕಾಗಿತ್ತು. "ಹಸಿವಿ ಗೊತ್ತೇ ಆಗಲ್ಲ" ಎಂದ ತಾಯಿಯ ಮಾತಿಗೂ, "ಹಸಿವಿಲ್ಲದೆ ತಿನ್ನುತ್ತೇನೆ" ಎಂದ ಮಗಳ ಮಾತಿಗೂ ಇದು ಎಷ್ಟು ಹತ್ತಿರವೆಂಬುದನ್ನು ಕಾಕಾ ಅವರೇ ಗುರುತಿಸಿದರು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಹೆಚ್ಚಾದರೆ ತಿನ್ನುವುದು ಹೆಚ್ಚಾಗುತ್ತದೆ, ಸೆರೊಟೋನಿನ್ ಕಡಿಮೆಯಾದರೆ ಖಿನ್ನತೆ ಬರುತ್ತದೆ ಎಂಬ ಒಂದೊಂದು ಸಾಲಿನ ವಿವರಣೆಗಳು ಎಲ್ಲೆಡೆ ಓಡಾಡುತ್ತವೆ. ವಾಸ್ತವ ಅಷ್ಟು ನೇರವಾಗಿಲ್ಲ. ಅದೇ ಸಂಶೋಧಕರ ನಂತರದ ಕೆಲಸದಲ್ಲಿ ಕಾರ್ಟಿಸೋಲ್ ಹೆಚ್ಚಿದ್ದುದು ಹಸಿವು ಕಳೆದುಕೊಂಡವರಲ್ಲಿ. ಆದ್ದರಿಂದ ಯಾರಿಗೂ "ನಿನ್ನಲ್ಲಿ ಇಂಥ ರಾಸಾಯನಿಕ ಕಡಿಮೆಯಾಗಿದೆ" ಎಂದು ನಾನು ಹೇಳುವುದಿಲ್ಲ. ಅದನ್ನು ಅಳೆದು ತೋರಿಸುವ ರಕ್ತಪರೀಕ್ಷೆಯೂ ಇಲ್ಲ.

ರಕ್ತಪರೀಕ್ಷೆ ಬೇಕಾಗಿದ್ದುದು ಬೇರೆ ಕಾರಣಕ್ಕೆ. ತೂಕ ಇಳಿಯುವುದಕ್ಕೆ ಸಕ್ಕರೆ ಕಾಯಿಲೆ, ಕ್ಷಯ, ಥೈರಾಯ್ಡ್ ಏರುಪೇರು ಕಾರಣವಾಗಬಹುದು. ತೂಕ ಏರಿ ನಿದ್ದೆ ಹೆಚ್ಚುವುದಕ್ಕೆ ಥೈರಾಯ್ಡ್ ಮಂದವಾದದ್ದೂ ಕಾರಣವಾಗಬಹುದು. ಇಬ್ಬರನ್ನೂ ಮೊದಲು ವೈದ್ಯರ ಬಳಿಗೆ ಕಳಿಸಿದೆ. ಮಗಳ ವರದಿಗಳೆಲ್ಲ ಸರಿಯಾಗಿದ್ದವು. ತಾಯಿಯ ಹಿಮೋಗ್ಲೋಬಿನ್ ಒಂಬತ್ತರ ಆಸುಪಾಸಿನಲ್ಲಿತ್ತು, ಕಬ್ಬಿಣದ ಮಾತ್ರೆ ಶುರುವಾಯಿತು. ಮನೋವೈದ್ಯರು ತಾಯಿಗೆ ರಾತ್ರಿ ತೆಗೆದುಕೊಳ್ಳುವ ಮಿರ್ಟಾಜಪಿನ್ ಎಂಬ ಖಿನ್ನತೆಯ ಮಾತ್ರೆ ಬರೆದರು. ಅದು ನಿದ್ದೆಯನ್ನೂ ಹಸಿವೆಯನ್ನೂ ಹೆಚ್ಚಿಸುವ ಗುಣದ್ದು. ಅದನ್ನೇ ಮಗಳಿಗೆ ಕೊಟ್ಟಿದ್ದರೆ ತೊಂದರೆ ಇಮ್ಮಡಿಯಾಗಬಹುದಿತ್ತು. ಆಕೆಗೆ ಫ್ಲುಓಕ್ಸೆಟಿನ್ ಎಂಬ ಬೇರೆ ಖಿನ್ನತೆಯ ಮಾತ್ರೆ ಆರಂಭಿಸುವ ಮೊದಲು, ಹಿಂದೆ ಎಂದಾದರೂ ನಿದ್ದೆಯೇ ಬೇಡವಾಗಿ, ಮಾತು ಮತ್ತು ಖರ್ಚು ಮಿತಿಮೀರಿ, ವಾರಗಟ್ಟಲೆ ಅತಿ ಉತ್ಸಾಹದಲ್ಲಿದ್ದುದು ಉಂಟೇ ಎಂದು ಮನೋವೈದ್ಯರು ಮನೆಯವರನ್ನು ವಿಚಾರಿಸಿದರು. ಹೆಚ್ಚು ನಿದ್ದೆ, ಹೆಚ್ಚು ತಿನ್ನುವಿಕೆ ಇರುವ ಎಳೆಯ ವಯಸ್ಸಿನವರಲ್ಲಿ, ಖಿನ್ನತೆ ಒಮ್ಮೆ ಅತಿ ಉತ್ಸಾಹ ಒಮ್ಮೆ ಬರುವ ಬೈಪೋಲಾರ್ ಕಾಯಿಲೆಯನ್ನು ತಳ್ಳಿಹಾಕದೆ ಖಿನ್ನತೆಯ ಮಾತ್ರೆ ಕೊಡುವುದು ಅಪಾಯ.

ತಾಯಿಗೆ ನಾನು ಕೊಟ್ಟ ಸಲಹೆ ಹಸಿವೆಗೆ ಕಾಯಬೇಡಿ, ಗಡಿಯಾರ ನೋಡಿ ಉಣ್ಣಿ ಎಂಬುದು. ಸುದ್ದಿ ತರುವ ದಾರಿಯೇ ಮಂಕಾಗಿರುವಾಗ ಸುದ್ದಿಗಾಗಿ ಕಾದರೆ ದಿನ ಕಳೆದುಹೋಗುತ್ತದೆ. ಎರಡೂವರೆ ತಾಸಿಗೊಮ್ಮೆ ಸಣ್ಣ ಬಟ್ಟಲಲ್ಲಿ ಏನಾದರೂ: ಬೆಳಿಗ್ಗೆ ಮಜ್ಜಿಗೆ ಹಾಕಿದ ಜೋಳದ ಅಂಬಲಿ, ಆಮೇಲೆ ಕಾಲು ರೊಟ್ಟಿಗೆ ಶೇಂಗಾ ಹಿಂಡಿ ಮತ್ತು ಮೊಸರು, ಮಧ್ಯಾಹ್ನ ತೊಗರಿಬೇಳೆ ಕಟ್ಟಿನೊಂದಿಗೆ ಮೆತ್ತಗಿನ ಅನ್ನ ಮತ್ತು ತುಪ್ಪ. ತಟ್ಟೆ ತುಂಬ ಬಡಿಸಿದರೆ ನೋಡಿಯೇ ಅವರಿಗೆ ಹೊಟ್ಟೆ ತೊಳಸುತ್ತಿತ್ತು, ಆದ್ದರಿಂದ ಬಟ್ಟಲು ಸಣ್ಣದಿರಲಿ ಎಂದು ಒತ್ತಿ ಹೇಳಿದೆ. ಚಹಾವನ್ನು ಎರಡು ಸಲಕ್ಕೆ ಇಳಿಸಿ, ಅದೂ ಊಟದಿಂದ ಮತ್ತು ಕಬ್ಬಿಣದ ಮಾತ್ರೆಯಿಂದ ಒಂದು ತಾಸು ದೂರವಿರಲಿ ಎಂದೆ. ಚಹಾ ಅಲ್ಪಸ್ವಲ್ಪ ಹಸಿವೆಯನ್ನೂ ಕೊಲ್ಲುತ್ತದೆ, ಕಬ್ಬಿಣ ಮೈಗೆ ಹತ್ತುವುದನ್ನೂ ತಡೆಯುತ್ತದೆ. ನಾಲ್ಕೈದು ದಿನ ಏನೂ ಹೊಟ್ಟೆಗೆ ಹೋಗದಿದ್ದರೆ ಮನೆಯಲ್ಲಿ ಒತ್ತಾಯದಿಂದ ತುಂಬಾ ಉಣಿಸದೆ ಆಸ್ಪತ್ರೆಗೆ ಕರೆತನ್ನಿ ಎಂದೂ ಹೇಳಿದೆ, ಏಕೆಂದರೆ ಬಹಳ ದಿನ ಹಸಿದ ಮೈಗೆ ಒಮ್ಮೆಲೇ ಆಹಾರ ಬಿದ್ದರೆ ರಕ್ತದ ಲವಣಗಳು ಏರುಪೇರಾಗಿ ಜೀವಕ್ಕೆ ಅಪಾಯವಾಗಬಹುದು.

ಮಗಳ ವಿಷಯದಲ್ಲಿ ಎಲ್ಲರೂ ನನ್ನಿಂದ ಕೇಳಬಯಸಿದ್ದು ಪಥ್ಯದ ಪಟ್ಟಿಯನ್ನು. ನಾನು ಅದನ್ನು ಕೊಡಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ತಿಂದ ಹೊತ್ತು, ತಿಂದದ್ದು, ತಿನ್ನುವ ಮುಂಚೆ ಹಸಿವು ಹತ್ತಕ್ಕೆ ಎಷ್ಟಿತ್ತು, ಮನಸ್ಸಿನಲ್ಲಿ ಏನಿತ್ತು ಎಂಬ ನಾಲ್ಕನ್ನೇ ಬರೆಯಲು ಹೇಳಿದೆ. ಎರಡು ವಾರದಲ್ಲಿ ಒಂದು ಸಂಗತಿ ತಾನಾಗಿ ಕಾಣಿಸಿತು. ರಾತ್ರಿ ತಿಂದ ನಾಚಿಕೆಗೆ ಮರುದಿನ ಬೆಳಗಿನ ಊಟ ಬಿಡುತ್ತಿದ್ದಳು, ಮಧ್ಯಾಹ್ನ ಮನೆಯವರೆದುರು ಕಡಿಮೆ ಉಣ್ಣುತ್ತಿದ್ದಳು, ರಾತ್ರಿಯ ಹೊತ್ತಿಗೆ ನಿಜವಾದ ಹಸಿವು ಮನಸ್ಸಿನ ಎಳೆತದ ಜೊತೆ ಸೇರಿಕೊಳ್ಳುತ್ತಿತ್ತು. ಆದ್ದರಿಂದ ಹಿಂದಿನ ರಾತ್ರಿ ಏನೇ ಆಗಿದ್ದರೂ ಬೆಳಿಗ್ಗೆ ಒಂಬತ್ತರೊಳಗೆ ರೊಟ್ಟಿ ಪಲ್ಯ ಉಣ್ಣಬೇಕು, ನಾಲ್ಕು ತಾಸಿಗಿಂತ ಹೆಚ್ಚು ಬರಿಹೊಟ್ಟೆಯಲ್ಲಿ ಇರಬಾರದು ಎಂಬುದೇ ಮೊದಲ ನಿಯಮವಾಯಿತು. ರಾತ್ರಿ ತಿನ್ನಬೇಕೆನಿಸಿದರೆ ತಿನ್ನಲಿ, ಆದರೆ ತಟ್ಟೆಯಲ್ಲಿ ಹಾಕಿಕೊಂಡು, ಕುಳಿತು, ದೀಪ ಹಚ್ಚಿಕೊಂಡು. ವಾಂತಿ ಮಾಡಿಕೊಳ್ಳುವುದು ಇದೆಯೇ ಎಂದೂ ಕೇಳಿದೆ, ಇರಲಿಲ್ಲ.

ಆಗಸ್ಟಿನಲ್ಲಿ ಎಡವಟ್ಟಾಯಿತು. ಶ್ರಾವಣ ಸೋಮವಾರಗಳಂದು ಆಕೆ ಉಪವಾಸ ಹಿಡಿದಳು, ದೇವರಿಗೂ ಆಯಿತು ತೂಕಕ್ಕೂ ಆಯಿತು ಎಂದುಕೊಂಡು. ನೋಟ್‌ಬುಕ್ಕಿನಲ್ಲಿ ಮೂರು ಸೋಮವಾರ ರಾತ್ರಿಗಳ ಬರಹ ಅರ್ಧ ಪುಟಕ್ಕೆ ಏರಿತ್ತು. ಹಾಲು ಹಣ್ಣಿನ ಫಲಾಹಾರವನ್ನು ದಿನಕ್ಕೆ ನಾಲ್ಕು ಸಲ ಮಾಡಿ ವ್ರತ ನಡೆಸಲು ತಾಯಿಯೇ ಒಪ್ಪಿದರು, ಕೊನೆಯ ಸೋಮವಾರ ಹಾಗೆಯೇ ಕಳೆಯಿತು. ಅದೇ ಹೊತ್ತಿಗೆ ತಾಯಿ ಎರಡು ಕಿಲೋ ಏರಿದ್ದರಿಂದ ಮನೆಯವರು ಮಾತ್ರೆ ನಿಲ್ಲಿಸಲು ಹೊರಟಿದ್ದರು. ಹಸಿವು ಮೊದಲು ಮರಳುತ್ತದೆ, ಮನಸ್ಸು ಹಿಂದಿನಿಂದ ಬರುತ್ತದೆ, ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ಮಾತ್ರೆ ಬೇಕಾಗುತ್ತದೆ, ನಿಲ್ಲಿಸುವುದನ್ನು ವೈದ್ಯರೇ ಹೇಳಬೇಕು ಎಂದು ಮತ್ತೆ ಕೂತು ವಿವರಿಸಬೇಕಾಯಿತು.

ಕಾಕಾ ಅವರಿಗೆ ಹೇಳಿದ್ದು ಒಂದೇ ಮಾತು: ಯಾರ ತಟ್ಟೆಯ ಬಗ್ಗೆಯೂ, ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಮಾತಾಡಬೇಡಿ. ಅವರು ಅದನ್ನು ಪಾಲಿಸಿದರು, ಮಧ್ಯಾಹ್ನ ತಾವೂ ಅವರೊಂದಿಗೆ ಉಣ್ಣಲು ಕೂರತೊಡಗಿದರು.

ನವೆಂಬರ್ ಭೇಟಿಯಲ್ಲಿ ತಾಯಿಯ ತೂಕ ಐವತ್ತೊಂದು, ಪಿಎಚ್‌ಕ್ಯೂ-9ರ ಅಂಕ 7. ಮಗಳ ಅಂಕ 8, ತೂಕ ಅರವತ್ನಾಲ್ಕು. ಎರಡೇ ಕಿಲೋ ಇಳಿದದ್ದಕ್ಕೆ ಆಕೆಗೆ ಬೇಸರವಿತ್ತು, ಆದರೆ ನೋಟ್‌ಬುಕ್ಕಿನಲ್ಲಿ ವಾರಕ್ಕೆ ಐದು ಇರುತ್ತಿದ್ದ ರಾತ್ರಿಯ ಸಾಲುಗಳು ಹತ್ತು ದಿನಕ್ಕೊಂದಕ್ಕೆ ಇಳಿದಿದ್ದವು. ಐದನೆಯ ಪ್ರಶ್ನೆಗೆ ಇಬ್ಬರೂ ಒಂದು ಎಂದು ಬರೆದಿದ್ದರು. ಪಕ್ಕದಲ್ಲಿ ಬಾಣವನ್ನು ಈ ಸಲ ಮಗಳೇ ಹಾಕಿದ್ದಳು, ತನ್ನದಕ್ಕೂ ಅವ್ವನದಕ್ಕೂ.