‘ಇಲ್ಲ್’ ಅಂದರೆ ಇಲ್ಲ ಅಲ್ಲ

ಓದುಗರ ಪತ್ರ: “ಕೊಪ್ಪಳದಿಂದ ಬೆಳ್ತಂಗಡಿ ಕಡೆಯ ಸರ್ಕಾರಿ ಶಾಲೆಗೆ ಬಂದ ಹೊಸ ಮೇಷ್ಟ್ರ ಮೊದಲ ವಾರದ ಕತೆ ಕಳಿಸಿದ್ದೆ. ‘ನಂಬಿಕೆ ಹುಟ್ಟುವುದಿಲ್ಲ’ ಎಂದು ವಾಪಸು ಮಾಡಿದಿರಿ. ಮಕ್ಕಳ ತುಳು ಮಾತಿಗೆಲ್ಲ ಆವರಣದಲ್ಲಿ ಕನ್ನಡ ಅರ್ಥ ಕೊಟ್ಟಿದ್ದೇನೆ. ತಪ್ಪು ಎಲ್ಲಿದೆ?”

ಸಂಪಾದಕರ ಉತ್ತರ:

ಆ ಆವರಣಗಳಲ್ಲೇ ಇದೆ. ಸೋಮವಾರ ಬೆಳಿಗ್ಗೆ ನಿಮ್ಮ ಮೇಷ್ಟ್ರಿಗೆ ಒಂದು ಮಾತೂ ತಿಳಿಯುತ್ತಿಲ್ಲ, ಓದುಗನಿಗೆ ಮಾತ್ರ ಎಲ್ಲ ತಿಳಿದುಬಿಡುತ್ತದೆ. ಆಮೇಲೆ ಮೇಷ್ಟ್ರ ಗಲಿಬಿಲಿ ಓದುಗನದಾಗುವುದು ಹೇಗೆ? ಆವರಣ ತೆಗೆದುಹಾಕಿ. ಕತೆ ಪೂರ್ತಿಗೆ ಎಂಟು-ಹತ್ತು ತುಳು ಪದ ಸಾಕು. ಪ್ರತಿಯೊಂದೂ ಒಂದು ಕೆಲಸದ ಜೊತೆ ಬರಲಿ.

ಇನ್ನೊಂದು ಮಾತು. ಗೊತ್ತೇ ಇಲ್ಲದ ಪದ ಅಷ್ಟು ಕಾಡುವುದಿಲ್ಲ. ಗೊತ್ತಿದೆ ಅನ್ನಿಸುವ ಪದವೇ ದಾರಿ ತಪ್ಪಿಸುವುದು. ನಲಿಕಲಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಮೇಷ್ಟ್ರು ‘ಮ’ ಕಲಿಸಲು ಮನೆಯ ಚಿತ್ರ ಹಿಡಿದು “ಇದೇನು?” ಅಂತ ಕೇಳಲಿ. ಒಂದನೇ ತರಗತಿಯ ಹುಡುಗ “ಇಲ್ಲ್” ಅನ್ನುತ್ತಾನೆ. ಮೇಷ್ಟ್ರಿಗೆ ಕೇಳಿಸುವುದು ‘ಇಲ್ಲ’. “ಐತಲ್ಲೋ, ಚಲೋತ್ನಾಗ ನೋಡು” ಅಂತಾರೆ. ಹುಡುಗ ಇನ್ನೂ ಮೆಲ್ಲಗೆ “ಇಲ್ಲ್” ಅನ್ನುತ್ತಾನೆ. ತುಳುವಿನಲ್ಲಿ ಮನೆಗೆ ಇಲ್ಲ್, ‘ಇಲ್ಲ’ಕ್ಕೆ ಇಜ್ಜಿ. ಹುಡುಗ ಎರಡು ಸಲ ಸರಿಯಾದ ಉತ್ತರ ಹೇಳಿ ಎರಡು ಸಲವೂ ಗದರಿಸಿಕೊಂಡ. ಮೂರನೇ ಸಲ ಬಾಯಿ ಬಿಡುವುದಿಲ್ಲ. ಬಿಡಿಸಿ ಹೇಳುವ ಕೆಲಸ ಮೂರನೇ ತರಗತಿಯ ಹುಡುಗಿಗೆ ಬಿಡಿ; ಎರಡು ವರ್ಷ ಶಾಲೆಯ ಕನ್ನಡ ಕೇಳಿದ್ದಾಳೆ. ಆದರೆ ಅವಳದು ಪುಸ್ತಕದ ಕನ್ನಡ. ಮೇಷ್ಟ್ರು “ಕುಂದ್ರ್ರಿ” ಅಂದರೆ ಅವಳೂ ನಿಂತೇ ಇರುತ್ತಾಳೆ. ಕನ್ನಡದ ಒಳಗಿನ ಈ ದೂರ ನಿಮ್ಮ ಕತೆಯಲ್ಲಿ ಎಲ್ಲೂ ಇಲ್ಲ, ಅದು ನನಗೆ ಬೇಸರ ತಂದಿತು.

ಗುರುವಾರ ಮಕ್ಕಳೆಲ್ಲ “ಅರ್ಥ ಆಯ್ತು ಸರ್” ಅನ್ನುವ ಜಾಗವನ್ನು ಉಳಿಸಿಕೊಳ್ಳಿ, ಆದರೆ ಗೆಲುವು ಎಂದು ತೋರಿಸಬೇಡಿ. ಮಕ್ಕಳು ರಾಗವಾಗಿ ಹೇಳುವ ಉತ್ತರ ಅದು. ಮೇಷ್ಟ್ರು ಕಿಟಕಿಯಾಚೆಯ ಹೆಂಚಿನ ಮನೆ ತೋರಿಸಿ “ಅದೇನು?” ಅಂತ ಕೇಳಿದಾಗ ತರಗತಿ ಸುಮ್ಮನಾಗಲಿ. ಚಿತ್ರದ ಹೆಸರು ಬಾಯಿಪಾಠವಾಗಿದೆ, ಪದ ಬಂದಿಲ್ಲ ಅಂತ ಮೇಷ್ಟ್ರಿಗೆ ಅಲ್ಲಿ ಗೊತ್ತಾಗುತ್ತದೆ.

ಶನಿವಾರ ಮಕ್ಕಳು ಕನ್ನಡದಲ್ಲಿ ಹಾಡು ಹೇಳಿ ಬೀಳ್ಕೊಡುವುದನ್ನು ತೆಗೆಯಿರಿ. ಆರು ದಿನಕ್ಕೆ ಅಷ್ಟು ಆಗುವುದಿಲ್ಲ. ಕೆಲವು ಮಕ್ಕಳು ಹೊಸ ಭಾಷೆಯಲ್ಲಿ ಬಾಯಿ ತೆರೆಯಲು ತಿಂಗಳುಗಳೇ ಬೇಕು. ಮೇಷ್ಟ್ರು ಬಲ, ಪೋ, ಕುಲ್ಲು ಕಲಿತಿರಬಹುದು, ಅಷ್ಟೇ. ಶನಿವಾರ ಅರ್ಧ ದಿನದ ಶಾಲೆ. ಮಧ್ಯಾಹ್ನ ಅದೇ ಹುಡುಗ ಗೇಟಿನ ಕಡೆ ಕೈ ತೋರಿಸಿ “ಅಮ್ಮೆ ಬತ್ತೆರ್” ಅನ್ನಲಿ. ಮೇಷ್ಟ್ರು ಹೆಂಗಸನ್ನು ಹುಡುಕಲಿ, ನಿಮ್ಮ ಓದುಗನೂ ಹುಡುಕಲಿ. ಗೇಟಿನ ಬಳಿ ಕೊಡೆ ಮಡಚುತ್ತಾ ನಿಂತಿರುವುದು ಅವನ ಅಪ್ಪ. ಕತೆಯನ್ನು ಅಲ್ಲಿಗೇ ಬಿಟ್ಟು ಇನ್ನೊಮ್ಮೆ ಕಳಿಸಿ, ಓದಲು ಕಾಯುತ್ತೇನೆ.