ಕಲಬುರಗಿ ತಿಂಡಿ ಬಾಕ್ಸ್: ದೀಪಾವಳಿ ತಿಂಗಳಲ್ಲಿ ಏನಿರುತ್ತೆ, ಯಾವಾಗ ಬರುತ್ತೆ?

ಪ್ರಶ್ನೆ: "ನಿಮ್ಮ ತಿಂಗಳ ತಿಂಡಿ ಬಾಕ್ಸ್‌ನ ದೀಪಾವಳಿ ಸ್ಪೆಷಲ್‌ನಲ್ಲಿ ಏನೇನು ಬರುತ್ತೆ? ರೇಟ್ ಎಷ್ಟು? ಹಬ್ಬಕ್ಕೆ ಮೊದಲು ಬೆಂಗಳೂರು ಮುಟ್ಟುತ್ತಾ?"

ಮುಟ್ಟುತ್ತೆ. ಅದಕ್ಕಂತಲೇ ತಿಂಡಿಗಳನ್ನು ಆರಿಸಿದ್ದೇವೆ. ಶೇಂಗಾ ಹೋಳಿಗೆ ಹತ್ತು, ಕರ್ಚಿಕಾಯಿ ಹನ್ನೆರಡು, ಚಕ್ಕುಲಿ 300 ಗ್ರಾಂ, ಶಂಕರಪೋಳಿ ಮತ್ತು ಅವಲಕ್ಕಿ ಚೂಡಾ ತಲಾ 250 ಗ್ರಾಂ. ಜೊತೆಗೆ ಶೇಂಗಾ ಚಟ್ನಿ ಪುಡಿಯ ಸಣ್ಣ ಪೊಟ್ಟಣ.

ಬೇಳೆ ಹೂರಣದ ಹೋಳಿಗೆ ಯಾಕಿಲ್ಲ ಅಂತ ತುಂಬಾ ಜನ ಕೇಳ್ತಾರೆ. ಬೇಯಿಸಿದ ಬೇಳೆಯಲ್ಲಿ ನೀರಿನಂಶ ಇರುತ್ತೆ. ಎರಡನೇ ದಿನಕ್ಕೇ ಹಳಸೋಕೆ ಶುರುವಾಗುತ್ತೆ, ಕೊರಿಯರ್‌ನಲ್ಲಿ ಕಳಿಸೋದು ಸರಿಯಲ್ಲ. ಶೇಂಗಾ ಹೋಳಿಗೆಯ ಹೂರಣ ಹಾಗಲ್ಲ. ಹುರಿದು ಸಿಪ್ಪೆ ತೆಗೆದ ಶೇಂಗಾ, ಬೆಲ್ಲ, ಏಲಕ್ಕಿ, ಅಷ್ಟೇ. ನೀರು ಸೋಕಿಸುವುದಿಲ್ಲ. ಹಂಚಿನಿಂದ ತೆಗೆದ ಮೇಲೆ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ, ಪೂರ್ತಿ ಆರಿದ ಮೇಲೇ ಪ್ಯಾಕ್ ಮಾಡ್ತೇವೆ. ಬಿಸಿ ಇರುವಾಗಲೇ ಕಟ್ಟಿದರೆ ಒಳಗೆ ಬೆವರಿ ಬೂಸ್ಟು ಬರುತ್ತೆ. ಯಾರ ಹತ್ತಿರ ತಗೊಂಡರೂ ಕವರ್ ಒಳಗೆ ನೀರ ಹನಿ ಕಂಡರೆ ಆ ಹೋಳಿಗೆ ತಿನ್ನಬೇಡಿ. ಕರ್ಚಿಕಾಯಿಗೂ ಹಸಿ ಕೊಬ್ಬರಿ ಹಾಕುವುದಿಲ್ಲ, ಒಣ ಕೊಬ್ಬರಿಯೇ. ಇಲ್ಲದಿದ್ದರೆ ಎಣ್ಣೆ ತಿಂಡಿಯಾದರೂ ಬೇಗ ಕಮಟು ವಾಸನೆ ಹೊಡೆಯುತ್ತೆ.

ಹಬ್ಬದ ಬಾಕ್ಸ್ ರೇಟ್ 900 ರೂಪಾಯಿ. ಪ್ರತಿ ತಿಂಗಳಿನದು 600, ಅದರಲ್ಲಿ ಸುಮಾರು ಒಂದು ಕೆಜಿ ತಿಂಡಿ ಇರುತ್ತೆ. ಹಬ್ಬದ್ದು ಒಂದೂವರೆ ಕೆಜಿಗಿಂತ ಜಾಸ್ತಿ. ನೀವು ಈಗಾಗಲೇ ತಿಂಗಳ ದುಡ್ಡು ಕಟ್ಟಿದ್ದರೆ ಮೇಲೆ 300 ಕೊಟ್ಟರೆ ಸಾಕು. ಬೇಡ ಅಂದರೆ ಆ ತಿಂಗಳೂ ಮಾಮೂಲಿ ಬಾಕ್ಸೇ ಬರುತ್ತೆ, ಆದರೆ ಮೊದಲೇ ಹೇಳಬೇಕು. ಬೆಂಗಳೂರಿಗೆ ಕೊರಿಯರ್ 120 ರೂಪಾಯಿ ಬೇರೆ. ಕಲಬುರಗಿ ಊರೊಳಗೆ ನಾವೇ ತಂದು ಕೊಡ್ತೇವೆ, ಅದಕ್ಕೆ ದುಡ್ಡಿಲ್ಲ.

2026ರಲ್ಲಿ ಲಕ್ಷ್ಮೀ ಪೂಜೆ ನವೆಂಬರ್ 8, ಭಾನುವಾರ. ಹೊರಗಿನ ಊರುಗಳ ಆರ್ಡರ್ ಅಕ್ಟೋಬರ್ 25ಕ್ಕೆ ನಿಲ್ಲಿಸ್ತೇವೆ. ಚಕ್ಕುಲಿ, ಚೂಡಾ ಮೊದಲು ಮಾಡಿಟ್ಟು, ಹೋಳಿಗೆಯನ್ನು ಕೊನೆಗೆ, ನವೆಂಬರ್ 1ರಂದು ಮಾಡ್ತೇವೆ. ಅವತ್ತು ಭಾನುವಾರ, ಮೇಲೆ ರಾಜ್ಯೋತ್ಸವ, ಕೊರಿಯರ್‌ನವರು ಪಾರ್ಸೆಲ್ ತಗೊಳ್ಳುವುದಿಲ್ಲ. ಹಾಗಾಗಿ 2ನೇ ತಾರೀಖು ಸೋಮವಾರ ಬೆಳಿಗ್ಗೆ ಹೊರಡುತ್ತೆ. ಬೆಂಗಳೂರಿಗೆ ಬುಧವಾರ ಇಲ್ಲವೇ ಗುರುವಾರ ಬರುತ್ತೆ. ಒಂದು ದಿನ ತಡವಾದರೂ ಹಬ್ಬ ತಪ್ಪುವುದಿಲ್ಲ. ಹೋಳಿಗೆಗೆ ನಾವು ಬರೆದಿರುವ ಅವಧಿ 12 ದಿನ, ಪಾಡ್ಯ ಮುಗಿದ ಮೇಲೂ ತಿನ್ನಬಹುದು.

ಕಲಬುರಗಿಯವರಿಗೆ ಬೇರೆ ಲೆಕ್ಕ. ಅವರ ಹೋಳಿಗೆ 5ನೇ ತಾರೀಖು ಮಾಡಿ, 6ರಂದು ಮನೆಗೆ ಮುಟ್ಟಿಸ್ತೇವೆ. ನಿಮ್ಮ ಅಪ್ಪ ಅಮ್ಮ ಇಲ್ಲೇ ಇದ್ದು, ಅವರಿಗೆ ಕಳಿಸೋದಾದರೆ ಅಕ್ಟೋಬರ್ 31ರವರೆಗೂ ಹೇಳಬಹುದು. ವಯಸ್ಸಾದವರಿಗೆ ಚಕ್ಕುಲಿ ಅಗಿಯೋಕೆ ಕಷ್ಟ ಆದರೆ ತಿಳಿಸಿ, ಅದರ ಬದಲು ಬೇಸನ್ ಉಂಡಿ ಹಾಕ್ತೇವೆ.