ಸಣ್ಣ ಅಕ್ಷರಕ್ಕೆ ಸ್ಯಾಟಿನ್ ಸ್ಟಿಚ್: ಅಂಚು ನುಣುಪಾಗಲು

ಕರ್ಚೀಫ್ ಮೇಲೆ ಸಣ್ಣ ಅಕ್ಷರ ಹಾಕಿದರೆ ಅಂಚು ಹಲ್ಲುಹಲ್ಲಾಗಿ ಬರುತ್ತದೆ. ಏನು ಮಾಡಲಿ?

ಅಂಚಿಗೆ ಮೊದಲು ಆಸರೆ ಕೊಡಿ. ಗುರುತಿನ ಗೆರೆಯ ಮೇಲೆಯೇ ಒಂದೇ ಎಳೆಯಲ್ಲಿ ಸ್ಪ್ಲಿಟ್ ಸ್ಟಿಚ್ ಹಾಕಿ. ಪ್ರತಿ ಸಲ ಸೂಜಿ ಹಿಂದಿನ ಹೊಲಿಗೆಯ ದಾರವನ್ನು ಸೀಳಿಕೊಂಡು ಮೇಲೆ ಬರಬೇಕು. ಆಮೇಲೆ ಒಳಗೆ ಅಕ್ಷರದ ಉದ್ದಕ್ಕೆ ಸಣ್ಣ ಹೊಲಿಗೆ ತುಂಬಿ, ಅದೇ ಪ್ಯಾಡಿಂಗ್. ಸ್ಯಾಟಿನ್ ಅದರ ಮೇಲೆ ಅಡ್ಡಕ್ಕೆ ಬರಲಿ. ಎರಡೂ ಒಂದೇ ದಿಕ್ಕಿಗಿದ್ದರೆ ಮೇಲಿನ ದಾರ ಸಂದಿಯೊಳಗೆ ಕುಸಿಯುತ್ತದೆ.

ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸುತ್ತೇವಲ್ವಾ, ಇಲ್ಲಿ ಎಣಿಕೆಯಿಲ್ಲ, ಗುರುತಿನ ಗೆರೆಯೇ ದಾರಿ. ಸ್ಯಾಟಿನ್ ಹಾಕುವಾಗ ಸೂಜಿಯನ್ನು ಗೆರೆಗೆ ತಾಗಿದಂತೆ ಹೊರಗೆ, ಸ್ವಲ್ಪ ಒಳಕ್ಕೆ ಓರೆಯಾಗಿ ಇಳಿಸಿ.

ಮೊನ್ನೆ ಹುಬ್ಬಳ್ಳಿಯಲ್ಲಿ ತಂಗಿಯ ಮಗಳ ಕರ್ಚೀಫಿಗೆ 1 ಸೆಂ.ಮೀ. ಎತ್ತರದ ‘ರ’ ಹಾಕಿದೆ. ತುಂಬಬೇಕಾದ ಜಾಗದ ಅಗಲ 2 ಮಿ.ಮೀ. ಅಷ್ಟೇ, ಅದಕ್ಕೆ ಪ್ಯಾಡಿಂಗ್ ಒಂದೇ ಸಾಲು ಸಾಕಾಯಿತು. ತಿರುವಿನಲ್ಲಿ ಒಳಗಡೆ ದಾರ ಗುಂಪುಗೂಡಿತು. ಬಿಚ್ಚಿ, ನಡುನಡುವೆ ಒಂದೊಂದು ಹೊಲಿಗೆಯನ್ನು ಹೊರ ಅಂಚಿನಿಂದ ಅರ್ಧಕ್ಕೇ ನಿಲ್ಲಿಸಿ, ಪಕ್ಕದ ಹೊಲಿಗೆಯ ಅಡಿಗೆ ಸರಿಸಿದೆ. ಬೀಸಣಿಗೆಯಂತೆ ಕೂತಿತು. ದಾರ ಜಾಸ್ತಿ ಎಳೆಯಬೇಡಿ, ತೆಳು ಬಟ್ಟೆ ಸುಕ್ಕಾಗುತ್ತದೆ.